ನಾಲ್ಕು ಗಂಟೆ ಬ್ಯಾಕಪ್ ಬೇಕಿತ್ತು, ಲೆಕ್ಕ ತಪ್ಪಿದ್ದೆಲ್ಲಿ?

ನಮ್ಮ ಫ್ಲ್ಯಾಟ್‌ಗೆ 150 ಎಎಚ್ ಬ್ಯಾಟರಿ ತಂದಿದ್ದೆವು. ಕರೆಂಟ್ ಹೋದ ಮೂರು ಗಂಟೆಗೇ ಇನ್ವರ್ಟರ್ ಕುಂಯ್ ಅಂತಿತ್ತು.

ಕೂತು ಲೆಕ್ಕ ಹಾಕಿದೆ. ಮೂರು ಹಳೇ ಫ್ಯಾನ್ 225 ವ್ಯಾಟ್, ದೀಪ 50, ಟಿವಿ 60, ರೂಟರ್ 15. ಒಟ್ಟು 350. ನಾಲ್ಕು ಗಂಟೆಗೆ 1400 ವ್ಯಾಟ್-ಅವರ್. ಬ್ಯಾಟರಿಯಲ್ಲಿ 12 ವೋಲ್ಟ್ × 150 ಎಎಚ್ = 1800 ವ್ಯಾಟ್-ಅವರ್ ಇದೆಯಲ್ಲ ಅಂತ ನಾನು ನಂಬಿದ್ದೆ. ತಪ್ಪು ಅಲ್ಲೇ. ಇನ್ವರ್ಟರ್‌ನಲ್ಲಿ ಸುಮಾರು ಐದನೇ ಒಂದು ಭಾಗ ಸೋರುತ್ತದೆ. ಬ್ಯಾಟರಿ ಬಾಳಬೇಕಾದರೆ ಅದನ್ನು ಪೂರ್ತಿ ಖಾಲಿ ಮಾಡಬಾರದು, 80% ಸಾಕು. ಉಳಿಯುವುದು 1150 ಅಷ್ಟೇ.

ದೊಡ್ಡ ಬ್ಯಾಟರಿ ತರಲಿಲ್ಲ. ಹಳೇ ಫ್ಯಾನ್ ತೆಗೆಸಿ ತಲಾ 30 ವ್ಯಾಟ್‌ನ ಮೂರು ಬಿಎಲ್‌ಡಿಸಿ ಫ್ಯಾನ್ ಹಾಕಿಸಿದೆ. ಲೋಡ್ 215ಕ್ಕೆ ಇಳಿಯಿತು, ಈಗ ಐದು ಗಂಟೆ ಬರುತ್ತದೆ. ಇನ್ವರ್ಟರ್ ಹಳೇ 900 ವಿಎನೇ. ಫ್ರಿಜ್, ಗೀಸರ್ ಮಾತ್ರ ಆ ಲೈನಿಗೆ ಸೇರಿಸಿಲ್ಲ.