ಒಂದೇ ಕಂತಿನ ಶಾಲಾ ಶುಲ್ಕ ಮತ್ತು ರಿಯಾಯಿತಿಯಲ್ಲಿ ಅಡಗಿದ ಬಡ್ಡಿ: ನನ್ನ ಅನುಭವ

ಮಗಳು ನಾಲ್ಕನೇ ತರಗತಿಗೆ ಕಾಲಿಟ್ಟ ವರ್ಷ ಶಾಲೆಯಿಂದ ಬಂದ ಸುತ್ತೋಲೆಯಲ್ಲಿ ಶುಲ್ಕ ಕಟ್ಟಲು ಎರಡು ದಾರಿಗಳಿದ್ದವು. ವರ್ಷದ ಒಟ್ಟು ಶುಲ್ಕ 96,000 ರೂಪಾಯಿ. ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ ತಿಂಗಳುಗಳ ಒಂದನೇ ತಾರೀಖಿಗೆ ತಲಾ 24,000 ರೂಪಾಯಿಯಂತೆ ನಾಲ್ಕು ಕಂತುಗಳಲ್ಲಿ ಅದನ್ನು ಕಟ್ಟಬಹುದಿತ್ತು. ಜೂನ್ ಒಂದರಂದೇ ಪೂರ್ತಿ ಕಟ್ಟುವವರಿಗೆ ಶೇ. 5ರಷ್ಟು ರಿಯಾಯಿತಿ ಇತ್ತು. ಅವರು 91,200 ರೂಪಾಯಿ ಕೊಟ್ಟರೆ ಸಾಕಿತ್ತು. ಮನೆಯ ಲೆಕ್ಕ ನೋಡಿಕೊಳ್ಳುವವಳು ನಾನು. ಉಳಿತಾಯ ಖಾತೆಯಲ್ಲಿ ಅಷ್ಟು ಹಣವೂ ಇತ್ತು. ಆದರೂ ಬ್ಯಾಂಕಿನ ನಿಶ್ಚಿತ ಠೇವಣಿಗೆ ಶೇ. 7 ಬಡ್ಡಿ ಬರುವಾಗ ಶಾಲೆಯ ಶೇ. 5ಕ್ಕೆ ಆಸೆಪಡುವುದೇಕೆ ಎಂದುಕೊಂಡು, ಕಂತಿನಲ್ಲೇ ಕಟ್ಟಲು ತೀರ್ಮಾನಿಸಿದೆ. ನನ್ನ ಯಜಮಾನರೂ ಒಪ್ಪಿದರು.

ಆ ತೀರ್ಮಾನದಲ್ಲಿ ತಪ್ಪಿದೆ ಎಂದು ತೋರಿಸಿಕೊಟ್ಟವನು ನನ್ನ ಅಣ್ಣ. ಅವನದು ರಸಗೊಬ್ಬರದ ಅಂಗಡಿ. ಸಗಟು ವ್ಯಾಪಾರಿಗೆ ಕೂಡಲೇ ಹಣ ಕೊಟ್ಟರೆ ಎಷ್ಟು ಬಿಡುತ್ತಾರೆ, ತಿಂಗಳ ಉದ್ದರಿ ಪಡೆದರೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ ಅವನಿಗೆ ದಿನನಿತ್ಯದ್ದು. ಗಣೇಶನ ಹಬ್ಬಕ್ಕೆ ಬಂದಿದ್ದವನು ಎರಡನೇ ಕಂತಿನ ರಸೀದಿಯನ್ನು ನೋಡಿ, "ಐದು ಅನ್ನೋದು ಸರಿ ಕಣಮ್ಮಾ, ಎಷ್ಟು ತಿಂಗಳಿಗೆ ಐದು?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಅವನೇ ಮುಂದುವರಿಸಿ, "ಕಂತಿನಲ್ಲಿ ಕಟ್ಟಿದರೂ ಮೊದಲನೇ ಇಪ್ಪತ್ನಾಲ್ಕು ಸಾವಿರ ಆವತ್ತೇ ಕೊಡಬೇಕಿತ್ತಲ್ಲ, ಅದನ್ನ ಯಾಕೆ ಲೆಕ್ಕಕ್ಕೆ ಹಿಡಿದೆ?" ಎಂದ. ಇಡೀ ಲೆಕ್ಕ ನಿಂತಿರುವುದು ಈ ಎರಡು ಪ್ರಶ್ನೆಗಳ ಮೇಲೆ.

ಅವನು ಹೋದ ಮೇಲೆ ಡೈರಿಯ ಒಂದು ಪುಟದಲ್ಲಿ ಎರಡು ಕಾಲಂ ಗೀಟು ಹಾಕಿ ಕುಳಿತೆ. ಯಾವ ದಾರಿ ಹಿಡಿದರೂ ಜೂನ್ ಒಂದರಂದು 24,000 ರೂಪಾಯಿ ಹೋಗಲೇಬೇಕು. ಹಾಗಾದರೆ ಪೂರ್ತಿ ಕಟ್ಟುವವರು ಆ ದಿನ ನಿಜವಾಗಿ ಮುಂಗಡವಾಗಿ ಕೊಡುವ ಹಣ 91,200ರಲ್ಲಿ 24,000 ಕಳೆದು ಉಳಿಯುವ 67,200 ರೂಪಾಯಿ ಮಾತ್ರ. ಅದಕ್ಕೆ ಪ್ರತಿಯಾಗಿ ಮೂರು, ಆರು ಮತ್ತು ಒಂಬತ್ತು ತಿಂಗಳ ನಂತರ ಕೊಡಬೇಕಾಗಿದ್ದ ತಲಾ 24,000ದ ಮೂರು ಕಂತುಗಳು, ಅಂದರೆ 72,000 ರೂಪಾಯಿ, ಅವರಿಗೆ ಉಳಿಯುತ್ತದೆ. ಬೇರೆ ಮಾತಿನಲ್ಲಿ ಹೇಳುವುದಾದರೆ, ಶಾಲೆಗೆ ನಾವು 67,200 ರೂಪಾಯಿ ಸಾಲ ಕೊಟ್ಟಂತೆ, ಶಾಲೆ ಅದನ್ನು ಮೂರು ಕಂತುಗಳಲ್ಲಿ 4,800 ರೂಪಾಯಿ ಬಡ್ಡಿ ಸೇರಿಸಿ ತೀರಿಸಿದಂತೆ. ಆ ಸಾಲ ಸರಾಸರಿ ಆರು ತಿಂಗಳು ಮಾತ್ರ ಶಾಲೆಯ ಬಳಿ ಇರುತ್ತದೆ. 67,200ಕ್ಕೆ 4,800 ಎಂದರೆ ಶೇ. 7.14, ಅದು ಅರ್ಧ ವರ್ಷಕ್ಕೆ ಬರುವ ಬಡ್ಡಿಯಾದ್ದರಿಂದ ವರ್ಷಕ್ಕೆ ಶೇ. 14ರ ಮೇಲಾಯಿತು. ನಾನು ಇದನ್ನು ಬ್ಯಾಂಕಿನ ಏಳರ ಪಕ್ಕದಲ್ಲಿ ಐದು ಎಂದು ಇಟ್ಟು ನೋಡಿದ್ದೆ.

ಸರಾಸರಿಯ ಲೆಕ್ಕ ಕಾಗದದ ಮೇಲೆ ಅಂದಾಜಿಗೆ ಸಾಕು. ನಿಖರವಾದ ದರ ಬೇಕಾದಾಗ ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಬರೆದರಾಯಿತು. ಮೂರು ಕಂತು, ಕಂತಿಗೆ 24,000, ಇಂದಿನ ಮೊತ್ತ 67,200:

```
=RATE(3,-24000,67200)
=(1+0.0353)^4-1
```

ಮೊದಲನೆಯದು ಮೂರು ತಿಂಗಳಿಗೆ ಶೇ. 3.53 ಎಂದು ತೋರಿಸುತ್ತದೆ. ಎರಡನೆಯದು ಅದನ್ನು ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ತಂದಾಗ ಶೇ. 14.9 ಆಗುತ್ತದೆ. ನಮ್ಮ ಊರಿನ ಕೈಸಾಲದ ಮಾತಿನಲ್ಲಿ ಹೇಳಿದರೆ, ನೂರಕ್ಕೆ ತಿಂಗಳಿಗೆ ಸುಮಾರು ಒಂದು ರೂಪಾಯಿ ಹದಿನಾರು ಪೈಸೆ ಬಡ್ಡಿ.

ಸೂತ್ರವನ್ನು ಕಣ್ಣುಮುಚ್ಚಿ ನಂಬುವ ಬದಲು, ಹಣವನ್ನು ಬ್ಯಾಂಕಿನಲ್ಲೇ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಬರೆದು ನೋಡಿದೆ. 67,200 ರೂಪಾಯಿಯನ್ನು ಶೇ. 7ಕ್ಕೆ ಇಟ್ಟರೆ ಮೂರು ತಿಂಗಳಲ್ಲಿ 68,376 ಆಗುತ್ತದೆ. ಸೆಪ್ಟೆಂಬರ್ ಕಂತು ತೆಗೆದರೆ 44,376 ಉಳಿಯುತ್ತದೆ. ಅದು ಡಿಸೆಂಬರ್ ಹೊತ್ತಿಗೆ 45,153 ಆಗಿ, ಕಂತು ತೆಗೆದಾಗ 21,153 ಉಳಿಯುತ್ತದೆ. ಮಾರ್ಚಿನಲ್ಲಿ ಅದು 21,523 ಆಗಿರುತ್ತದೆ, ಆದರೆ ಕಟ್ಟಬೇಕಾದದ್ದು 24,000. ಕೊರತೆ 2,477 ರೂಪಾಯಿ. ನನ್ನ ತಪ್ಪು ತೀರ್ಮಾನಕ್ಕೆ ತೆತ್ತ ಬೆಲೆ ಕನಿಷ್ಠ ಅಷ್ಟು. ಕನಿಷ್ಠ ಎನ್ನುವುದಕ್ಕೆ ಕಾರಣವಿದೆ. ಮೂರು ತಿಂಗಳ, ಆರು ತಿಂಗಳ ಠೇವಣಿಗೆ ಬ್ಯಾಂಕುಗಳು ಸಾಮಾನ್ಯವಾಗಿ ವರ್ಷದ ಠೇವಣಿಗಿಂತ ಕಡಿಮೆ ದರ ಕೊಡುತ್ತವೆ. ಮೇಲಾಗಿ ಠೇವಣಿಯ ಬಡ್ಡಿ ಆದಾಯಕ್ಕೆ ಸೇರುವುದರಿಂದ ಅದಕ್ಕೆ ತೆರಿಗೆಯಿದೆ. ಶೇ. 20ರ ತೆರಿಗೆ ಹಂತದಲ್ಲಿರುವವರಿಗೆ ಸೆಸ್ ಸೇರಿ ಕಳೆದ ಮೇಲೆ ಏಳರಲ್ಲಿ ಉಳಿಯುವುದು ಐದೂವರೆ. ಶುಲ್ಕದ ರಿಯಾಯಿತಿಯಾದರೋ ಖರ್ಚಿನಲ್ಲಿ ಆದ ಉಳಿತಾಯ, ಆದಾಯವಲ್ಲ; ಅದಕ್ಕೆ ತೆರಿಗೆ ಬೀಳುವುದಿಲ್ಲ.

ಮರುವರ್ಷ ಷರತ್ತುಗಳು ಹಾಗೆಯೇ ಇದ್ದವು. ನಾವು ಜೂನಿನಲ್ಲೇ ಪೂರ್ತಿ ಕಟ್ಟಿದೆವು. ಅದನ್ನು ತಿಳಿದ ಪಕ್ಕದ ಮನೆಯವರು ತಾವೂ ಕಟ್ಟಬೇಕೆಂದುಕೊಂಡರು. ಆದರೆ ಕೈಯಲ್ಲಿ ಹಣವಿಲ್ಲದೆ, ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ ನಿಧಾನವಾಗಿ ತೀರಿಸಬಹುದೇ ಎಂದು ನನ್ನನ್ನು ಕೇಳಿದರು. ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ. 3.5ರ ಆಸುಪಾಸು ಬಡ್ಡಿ ಬೀಳುತ್ತದೆ; ಶಾಲೆ ಮೂರು ತಿಂಗಳಿಗೆ ಕೊಡುವುದನ್ನು ಕಾರ್ಡು ಒಂದೇ ತಿಂಗಳಲ್ಲಿ ಕಿತ್ತುಕೊಳ್ಳುತ್ತದೆ ಎಂದು ಹೇಳಿ ತಡೆದೆ. ಚಿನ್ನ ಅಡವಿಟ್ಟು ಶೇ. 10ಕ್ಕೆ ಸಾಲ ತೆಗೆದರೆ ಹೇಗೆ ಎಂಬುದು ಅವರ ಮುಂದಿನ ಪ್ರಶ್ನೆ. ಹತ್ತು ಹದಿನಾಲ್ಕಕ್ಕಿಂತ ಕಡಿಮೆ ನಿಜ, ಆದರೆ ಅದು ಲಾಭವಾಗುವುದು ಶಾಲೆಯ ಕಂತಿನ ದಿನಗಳಲ್ಲೇ ಸಾಲದ ಅಸಲನ್ನೂ ತಲಾ 24,000ದಂತೆ ತೀರಿಸುತ್ತಾ ಹೋದಾಗ ಮಾತ್ರ. ವರ್ಷದ ಕೊನೆಯವರೆಗೆ ಅಸಲು ಮುಟ್ಟದೆ ಬಿಟ್ಟರೆ 67,200ಕ್ಕೆ ಬಡ್ಡಿಯೇ 6,720 ಆಗಿ, 4,800ರ ರಿಯಾಯಿತಿಯನ್ನು ನುಂಗಿಬಿಡುತ್ತದೆ. ಸಂಬಳದಲ್ಲಿ ಅಷ್ಟು ಶಿಸ್ತಾಗಿ ಉಳಿಸುವುದು ಕಷ್ಟವೆಂದು ಅವರೇ ಹೇಳಿ, ಕಂತಿನಲ್ಲೇ ಕಟ್ಟಿದರು. ಅವರ ಪರಿಸ್ಥಿತಿಗೆ ಅದು ಸರಿಯಾದ ನಿರ್ಧಾರವೆಂದೇ ನಾನು ಭಾವಿಸುತ್ತೇನೆ.

ಮಗಳು ಆರನೇ ತರಗತಿಗೆ ಬಂದಾಗ ಸುತ್ತೋಲೆಯಲ್ಲಿ ಒಂದು ಸಾಲು ಬದಲಾಗಿತ್ತು. ರಿಯಾಯಿತಿ ಅದೇ ಶೇ. 5, ಕಂತುಗಳ ತಾರೀಖೂ ಅವೇ. ಆದರೆ ಪೂರ್ತಿ ಕಟ್ಟುವವರು ಏಪ್ರಿಲ್ ಒಂದರೊಳಗೆ ಕಟ್ಟಬೇಕಿತ್ತು. ಎರಡು ತಿಂಗಳು ಮುಂಚೆ ಅಷ್ಟೇ ತಾನೇ ಎನಿಸಬಹುದು. ಈಗ ಮೊದಲನೇ ಕಂತನ್ನು ಕಳೆಯುವ ಹಾಗಿಲ್ಲ, ಏಕೆಂದರೆ ಏಪ್ರಿಲ್ ಒಂದರಂದು ಅದನ್ನು ಕೊಡಬೇಕಾದ ಅಗತ್ಯವೇ ಇರಲಿಲ್ಲ. ಇಡೀ 91,200 ರೂಪಾಯಿ ಮುಂಗಡವಾಯಿತು, ಪ್ರತಿ ಕಂತಿನ ಕಾಯುವಿಕೆಯೂ ಎರಡು ತಿಂಗಳು ಹೆಚ್ಚಿತು. ಕಂತುಗಳ ಅಂತರ ಸಮವಾಗಿಲ್ಲದ ಇಂಥ ಕಡೆ ಹಿಂದಿನ ಸೂತ್ರ ಸಲ್ಲದು. ಒಂದು ಕಾಲಂನಲ್ಲಿ ತಾರೀಖುಗಳನ್ನೂ ಇನ್ನೊಂದರಲ್ಲಿ ಮೊತ್ತಗಳನ್ನೂ ಬರೆದು, ಏಪ್ರಿಲ್ ಒಂದರ ಮುಂದೆ -91200 ಎಂದೂ ನಾಲ್ಕು ಕಂತುಗಳ ಮುಂದೆ 24000 ಎಂದೂ ಹಾಕಿ ಹೀಗೆ ಕೇಳಬೇಕು:

```
=XIRR(B2:B6,A2:A6)
```

ಉತ್ತರ ಶೇ. 10ರ ಆಸುಪಾಸು ಬಂತು. ರಿಯಾಯಿತಿಯ ಅಂಕಿ ಒಂದಿಷ್ಟೂ ಬದಲಾಗದೆ, ತಾರೀಖೊಂದು ಸರಿದದ್ದರಿಂದಲೇ ಹದಿನೈದರ ಹತ್ತಿರವಿದ್ದ ಬಡ್ಡಿ ಹತ್ತಕ್ಕೆ ಇಳಿಯಿತು. ಆದರೂ ಬ್ಯಾಂಕಿಗಿಂತ ಮೇಲೆಂದು ಚೆಕ್ ಬರೆಯಲು ಶಾಲೆಯ ಕೌಂಟರಿಗೆ ಹೋದೆ.

ಅಲ್ಲಿ ಎರಡನೇ ಬದಲಾವಣೆ ಗೊತ್ತಾಯಿತು. ಕ್ಯಾಶಿಯರ್ ಚಲನ್ ತುಂಬುತ್ತಾ, "ಮೇಡಂ, ರಿಯಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರ ಈ ವರ್ಷ" ಎಂದರು. 96,000ದಲ್ಲಿ ಬೋಧನಾ ಶುಲ್ಕ 72,000. ಉಳಿದ 24,000 ಪ್ರಯೋಗಾಲಯ, ಕಂಪ್ಯೂಟರ್, ಚಟುವಟಿಕೆ ಎಂದು ಬೇರೆ ಬೇರೆ ಹೆಸರಿನಲ್ಲಿತ್ತು. ಹಾಗಾಗಿ ರಿಯಾಯಿತಿ 4,800 ಅಲ್ಲ, 3,600. ಕಟ್ಟಬೇಕಾದದ್ದು 92,400. ಸುತ್ತೋಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿದ್ದರು, ನಾನು ಓದಿರಲಿಲ್ಲ. ಚೆಕ್ ಕೊಡದೆ ಹಿಂದಿರುಗಿ, ಅದೇ ಹಾಳೆಯಲ್ಲಿ ಒಂದು ಅಂಕಿ ಬದಲಿಸಿ ನೋಡಿದಾಗ ದರ ಶೇ. 7.3ರ ಸುಮಾರಿಗೆ ಇಳಿದಿತ್ತು. ಹಿಂದಿನಂತೆ ಬ್ಯಾಂಕಿನ ಲೆಕ್ಕ ಬರೆದರೆ ಮಾರ್ಚಿನ ಕೊರತೆ ಕೇವಲ 78 ರೂಪಾಯಿ. ನಮ್ಮ ತೆರಿಗೆಯನ್ನೂ ಕಳೆದು ನೋಡಿದರೆ ಪೂರ್ತಿ ಕಟ್ಟುವುದರಿಂದ ಆಗುವ ಲಾಭ ಎಂಟುನೂರು ರೂಪಾಯಿಯ ಆಸುಪಾಸು.

ಆ ವರ್ಷ ಇನ್ನೊಂದು ವಿಚಾರವೂ ಇತ್ತು. ಯಜಮಾನರಿಗೆ ಬಡ್ತಿ ಬರುವುದಿತ್ತು, ಬಡ್ತಿಯ ಜೊತೆಗೆ ವರ್ಗಾವಣೆ. ವರ್ಷದ ನಡುವೆಯೇ ಊರು ಬಿಡಬೇಕಾಗಿ ಬಂದರೆ ಕಟ್ಟಿದ ಹಣ ಹಿಂದಿರುಗಿಸುವುದಿಲ್ಲವೆಂದು ರಸೀದಿಯ ಹಿಂಬದಿಯಲ್ಲಿ ಅಚ್ಚಾಗಿತ್ತು. ಡಿಸೆಂಬರಿನ ನಂತರ ಹೋಗುವಂತಾದರೂ ಮಾರ್ಚಿನ ಕಂತಿನ 24,000 ಹೋದಂತೆಯೇ. ಎಂಟುನೂರರ ಲಾಭಕ್ಕೆ 24,000ದ ನಷ್ಟವನ್ನು ಎದುರಿಗಿಟ್ಟರೆ, ಮೂವತ್ತರಲ್ಲಿ ಒಂದು ಪಾಲು ಸಂಭವವಿದ್ದರೂ ಎರಡೂ ಸರಿಸಮವಾಗಿಬಿಡುತ್ತವೆ. ವರ್ಗಾವಣೆಯ ಸಂಭವ ಅದಕ್ಕಿಂತ ಎಷ್ಟೋ ಹೆಚ್ಚೆಂದು ನಮ್ಮಿಬ್ಬರಿಗೂ ಗೊತ್ತಿತ್ತು. "ಕಂತಿನಲ್ಲೇ ಕಟ್ಟೋಣ ಬಿಡು" ಎಂದು ಅವರೇ ಹೇಳಿದರು. ಮೊದಲ ವರ್ಷ ತಪ್ಪು ಲೆಕ್ಕದಿಂದ ಮಾಡಿದ್ದನ್ನೇ ಈ ಸಲ ಸರಿಯಾದ ಲೆಕ್ಕದಿಂದ ಮಾಡಿದೆವು.

ವರ್ಗಾವಣೆಯ ಆದೇಶ ಆ ಶೈಕ್ಷಣಿಕ ವರ್ಷದಲ್ಲಿ ಬರಲಿಲ್ಲ. ಮಾರ್ಚಿನ ಕಂತನ್ನೂ ಕಟ್ಟಿದೆವು, ಎಂಟುನೂರು ರೂಪಾಯಿ ಕೈತಪ್ಪಿತು. ಅದೇ ಸುತ್ತೋಲೆ, ಅದೇ ಪರಿಸ್ಥಿತಿ ಮತ್ತೆ ಬಂದರೂ ನಾನು ಕಂತಿನಲ್ಲೇ ಕಟ್ಟುತ್ತೇನೆ.