ಅತ್ತೆ ಗ್ರೂಪಿನಲ್ಲಿ ‘ಸುಮ್ನೆ ಹೇಳಿದೆ’ ಅಂದಾಗ

ನನ್ನ ಮಗನಿಗೆ ಆಗ ಏಳು ತಿಂಗಳು. ಒಂದು ಸಂಜೆ ಅವನು ಚಮಚ ಕಚ್ಚಿಕೊಂಡು ಕೂತಿದ್ದ ಫೋಟೊವನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮರುದಿನ ಬೆಳಗ್ಗೆ ಹಾಸನದಿಂದ ಅತ್ತೆ ಬರೆದಿದ್ದರು: ‘ನಮ್ಮ ಕಾಲದಲ್ಲಿ ಮಕ್ಕಳಿಗೆ ರಾಗಿ ಸರಿ ಬಿಟ್ರೆ ಬೇರೆ ಗೊತ್ತಿರಲಿಲ್ಲ. ಈಗಿನವರಿಗೆ ಪಾಪ ಪುರುಸೊತ್ತಿಲ್ಲ. ಮೇಲೆ ಒಂಚೂರು ಜೇನುತುಪ್ಪ ಹಾಕಿದ್ರೆ ಚಪ್ಪರಿಸಿಕೊಂಡು ತಿಂತವೆ. ಸುಮ್ನೆ ನೆನಪಾಯ್ತು, ಹೇಳಿದೆ.’

ಇಂಥ ಮಾತಿಗೆ ಉತ್ತರ ಬರೆಯುವ ಮೊದಲು ಅದು ನಿಮಗೇ ಬಂದದ್ದೋ ಅಲ್ಲವೋ ನೋಡಿಕೊಳ್ಳಬೇಕು. ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಐದೋ ಅದಕ್ಕಿಂತ ಹೆಚ್ಚೋ ಕೈ ದಾಟಿ ಬಂದ ಫಾರ್ವರ್ಡ್. ಅತ್ತೆ ಅದನ್ನು ಎಲ್ಲರಿಗೂ ಕಳಿಸಿರುವ ಸಾಧ್ಯತೆಯೇ ಹೆಚ್ಚು, ಒಂದು ಕೈಮುಗಿದ ಚಿತ್ರ ಹಾಕಿದರೆ ಸಾಕು. ಸ್ವಂತ ಟೈಪ್ ಮಾಡಿದ್ದಾದರೆ ಗ್ರೂಪಿನಲ್ಲಿ ಹಿಂದಿನ ದಿನ ನೀವೇನು ಹಾಕಿದ್ದಿರಿ ಅಂತ ಹಿಂದಕ್ಕೆ ಸರಿಸಿ ನೋಡಿ. ನನ್ನ ಫೋಟೊದಲ್ಲಿ ಮಗುವಿನ ಹಿಂದೆ, ಮೇಜಿನ ಮೇಲೆ, ಅಂಗಡಿಯ ಪುಡಿಯ ಡಬ್ಬಿ ಕಾಣುತ್ತಿತ್ತು. ನಾನು ಗಮನಿಸಿರಲಿಲ್ಲ, ಅತ್ತೆಯ ಕಣ್ಣು ನೇರ ಅಲ್ಲಿಗೇ ಹೋಗಿತ್ತು.

ಆಮೇಲೆ ಮಾತನ್ನು ಬಿಡಿಸಬೇಕು. ನಮ್ಮಲ್ಲಿ ಹಿರಿಯರು ‘ನೀನು’ ಅನ್ನುವ ಕಡೆ ‘ಈಗಿನವರು’ ಅನ್ನುತ್ತಾರೆ, ‘ಮಾಡು’ ಅನ್ನುವ ಕಡೆ ‘ಮಾಡ್ತಿದ್ವಿ’ ಅಥವಾ ‘ಮಾಡಬೇಕಂತೆ’ ಅನ್ನುತ್ತಾರೆ. ಕೊನೆಯ ‘ಸುಮ್ನೆ ಹೇಳಿದೆ’ ಅನ್ನೋದು ಬೇಡ ಅನ್ನಲು ನಿಮಗೆ ಬಿಟ್ಟ ದಾರಿ. ಇವನ್ನೆಲ್ಲ ತೆಗೆದಿಟ್ಟರೆ ನನಗೆ ಉಳಿದದ್ದು ಎರಡು ಮಾತು: ರಾಗಿ ಸರಿ ಕೊಡು, ಜೇನು ಹಾಕು. ‘ಪುರುಸೊತ್ತಿಲ್ಲ’ ಅನ್ನೋದು ಚುಚ್ಚಿದ್ದು ನಿಜ. ಆದರೆ ಅದು ಸಲಹೆಯಲ್ಲ, ಆದ್ದರಿಂದ ಅದಕ್ಕೆ ಉತ್ತರವೂ ಬೇಕಿಲ್ಲ. ‘ನಾನೂ ಬೆಳಗ್ಗೆ ಐದಕ್ಕೇ ಏಳ್ತೀನಿ’ ಅಂತ ಶುರುಮಾಡಿದರೆ ಮಾತು ಮಗುವಿನ ಊಟದಿಂದ ನಿಮ್ಮ ದಿನಚರಿಗೆ ಜಾರುತ್ತದೆ, ನಾದಿನಿಯರೂ ಸೇರಿಕೊಳ್ಳುತ್ತಾರೆ.

ಹಿಂದೊಮ್ಮೆ ಮಗುವಿನ ಎಣ್ಣೆ ಸ್ನಾನದ ವಿಷಯಕ್ಕೆ ನಾನು ‘ಡಾಕ್ಟ್ರು ಹೇಳಿದ ಹಾಗೇ ಮಾಡ್ತಿದ್ದೀವಿ ಅತ್ತೆ’ ಅಂತ ಬರೆದಿದ್ದೆ. ಓದಲು ಮರ್ಯಾದೆಯಾಗಿಯೇ ಇದೆ. ಅತ್ತೆಯಿಂದ ಒಂದು ಹೆಬ್ಬೆರಳು ಬಂತು, ಆಮೇಲೆ ನಾಲ್ಕು ದಿನ ಶುಭೋದಯವೂ ಇಲ್ಲ. ಹದಿನಾಲ್ಕು ಜನರ ಮುಂದೆ ಬಾಗಿಲು ಹಾಕಿದಂತಾಗಿತ್ತು.

ಹಾಗಾಗಿ ಈ ಸಲ ತಿಂಡಿ ಆಗುವವರೆಗೂ ಫೋನ್ ಮುಟ್ಟಲಿಲ್ಲ. ಆಮೇಲೆ ಬರೆದದ್ದು ಇಷ್ಟು: ‘ಅತ್ತೆ, ರಾಗಿ ಸರಿ ಶುರುಮಾಡೋಣ ಅಂತ ನನಗೂ ಇದೆ. ರಾಗಿ ಮೊಳಕೆ ಬಂದ ಮೇಲೆ ಬಿಸಿಲಲ್ಲಿ ಒಣಗಿಸ್ಬೇಕಾ, ನೆರಳಲ್ಲಾ? ಸಂಜೆ ಫೋನ್ ಮಾಡ್ತೀನಿ, ಹೇಳಿಕೊಡಿ.’ ಒಪ್ಪುವ ಮಾತು ಮೊದಲು, ಆಮೇಲೆ ಅವರಿಗೆ ಮಾತ್ರ ಗೊತ್ತಿರುವ ಒಂದು ಸಣ್ಣ ಪ್ರಶ್ನೆ, ಕೊನೆಗೆ ಫೋನಿನ ಮಾತು. ಪ್ರಶ್ನೆ ನಿಜವಾದದ್ದೇ ಆಗಿರಬೇಕು, ಸುಳ್ಳುವಿನಯ ಹಿರಿಯರಿಗೆ ಥಟ್ಟನೆ ಗೊತ್ತಾಗುತ್ತದೆ. ಅವರ ಸಂದೇಶವನ್ನು ಎಳೆದು ಅದರ ಕೆಳಗೇ ಉತ್ತರಿಸಲಿಲ್ಲ. ಹಾಗೆ ಮಾಡಿದರೆ ‘ಪುರುಸೊತ್ತಿಲ್ಲ’ ಅನ್ನುವ ಮಾತು ಇನ್ನೊಮ್ಮೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಕಳಿಸಿದ ಮೇಲೆ ಒಂದು ಪದ ಒರಟಾಯಿತು ಅನ್ನಿಸಿದರೆ 15 ನಿಮಿಷದೊಳಗೆ ತಿದ್ದಬಹುದು. ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತದೆ, ಏನಿತ್ತೋ ಅಂತ ಎಲ್ಲರಿಗೂ ಯೋಚನೆ.

ಗಂಡನಿಗೂ ಮೊದಲೇ ಹೇಳಿಟ್ಟಿರಿ. ಅವರು ‘ಅಮ್ಮ, ಸುಮ್ನಿರಮ್ಮ’ ಅಂತ ಬರೆದರೆ ಅದು ಸೊಸೆಯೇ ಬರೆಸಿದ್ದು ಅಂತ ಓದುತ್ತಾರೆ.

ಜೇನಿನ ವಿಷಯದಲ್ಲಿ ಮಾತ್ರ ‘ಆಯ್ತು ಅತ್ತೆ’ ಅಂದು ಸುಮ್ಮನಾಗುವ ಹಾಗಿಲ್ಲ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತವೆ. ಮಲಬದ್ಧತೆಯಿಂದ ಶುರುವಾಗಿ ಮಗುವಿನ ಅಳು ಕ್ಷೀಣಿಸಿ, ಕತ್ತು ನಿಲ್ಲದಷ್ಟು ಸೋಲುತ್ತದೆ. ಕಾಯಿಲೆಯ ಹೆಸರು ಬಾಟ್ಯುಲಿಸಂ, ಅಪರೂಪವಾದರೂ ಅಪಾಯದ್ದು. ಗ್ರೂಪಿನಲ್ಲಿ ಬೇರೆ ಎಳೆ ಮಗುವಿನ ತಾಯಿ ಇದ್ದರೆ ಅಲ್ಲೇ ಹೇಳಬೇಕು. ನಮ್ಮಲ್ಲಿ ಇರಲಿಲ್ಲ, ಹಾಗಾಗಿ ಸಂಜೆ ಫೋನಿನಲ್ಲಿ, ರಾಗಿಯ ಮಾತೆಲ್ಲ ಮುಗಿದ ಮೇಲೆ ಹೇಳಿದೆ: ‘ಅತ್ತೆ, ಜೇನು ವರ್ಷ ತುಂಬೋವರೆಗೂ ಬೇಡವಂತೆ, ಕೂಸಿನ ಕರುಳು ತಡೆಯಲ್ಲವಂತೆ. ಹುಟ್ಟುಹಬ್ಬ ಆದ್ಮೇಲೆ ಮೊದಲ ಸಲ ನೀವೇ ನೆಕ್ಕಿಸಿ.’ ಸ್ವಲ್ಪ ಹೊತ್ತು ಮಾತಿರಲಿಲ್ಲ. ‘ನಿನ್ನ ಗಂಡನಿಗೆ ಹದಿನೈದು ದಿನಕ್ಕೇ ನೆಕ್ಕಿಸಿದ್ದೆ ಕಣೆ’ ಅಂದರು. ‘ಪುಣ್ಯಕ್ಕೆ ಏನೂ ಆಗಲಿಲ್ಲ ಅತ್ತೆ’ ಅಂದೆ, ಅಷ್ಟಕ್ಕೇ ನಿಲ್ಲಿಸಿದೆ.

ಮುಂದಿನ ವಾರ ರಾಗಿ ಮೊಳಕೆ ಕಟ್ಟಿ, ಅವರು ಹೇಳಿದ ಹಾಗೆ ನೆರಳಲ್ಲಿ ಒಣಗಿಸಿ, ಹುರಿದು, ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ ಸರಿ ಕಾಯಿಸಿದೆ. ಪಾತ್ರೆಯ ಫೋಟೊ ಗ್ರೂಪಿಗೆ ಹಾಕಿದೆ.

‘ಇನ್ನೂ ಸ್ವಲ್ಪ ತೆಳ್ಳಗೆ ಮಾಡು ಕಣೆ’ ಅಂತ ಅತ್ತೆ ಬರೆದರು.