ಕ್ರೀಡಾ ಸಂಸ್ಥೆಯಿಂದ ಬಾಕಿ ಬಹುಮಾನ, ಪ್ರಯಾಣ ಭತ್ಯೆ ಕೇಳುವುದು ಹೇಗೆ?

ಬಹುಮಾನದ ಹಣ ಮತ್ತು ಪ್ರಯಾಣ ಭತ್ಯೆಗೆ ಪ್ರತ್ಯೇಕ ಅರ್ಜಿ ಕೊಡುವುದು ಒಳ್ಳೆಯದು. ಎರಡನ್ನೂ ಒಂದರಲ್ಲೇ ಬರೆದರೆ, ಒಂದಕ್ಕೆ ದಾಖಲೆ ಸಾಲದಿದ್ದಾಗ ಇನ್ನೊಂದೂ ಅದೇ ಕಡತದಲ್ಲಿ ಕೂರುತ್ತದೆ.

ಧಾರವಾಡದ ಓಟಗಾರ್ತಿಯೊಬ್ಬರು ರಾಜ್ಯಮಟ್ಟದ ಕೂಟದ 800 ಮೀಟರ್ ಓಟದಲ್ಲಿ ಎರಡನೆಯವರಾಗಿ 5,000 ರೂಪಾಯಿ ಬಹುಮಾನಕ್ಕೆ ಅರ್ಹರಾದರು, ಬಳಿಕ ರಾಜ್ಯ ತಂಡದಲ್ಲಿ ಆಯ್ಕೆಯಾಗಿ ಸ್ವಂತ ಖರ್ಚಿನಲ್ಲಿ ಭುವನೇಶ್ವರಕ್ಕೆ ಹೋಗಿಬಂದರು ಎಂದಿಟ್ಟುಕೊಳ್ಳೋಣ.

ಬಹುಮಾನದ ಅರ್ಜಿಗೆ ಆಧಾರ ಎರಡೇ: ಮೊತ್ತವನ್ನು ಪ್ರಕಟಿಸಿದ ಸುತ್ತೋಲೆ ಮತ್ತು ಸಹಿಯುಳ್ಳ ಫಲಿತಾಂಶ ಪಟ್ಟಿ. ವೇದಿಕೆಯಲ್ಲಿ ದೊಡ್ಡ ಚೆಕ್ಕಿನ ಹಲಗೆ ಹಿಡಿದು ತೆಗೆಸಿಕೊಂಡ ಫೋಟೊ ಇವುಗಳ ಜತೆಗಿರಲಿ, ಇವುಗಳ ಬದಲಿಗೆ ಬೇಡ. “ಪ್ರಾಯೋಜಕರಿಂದ ಇನ್ನೂ ಹಣ ಬಂದಿಲ್ಲ” ಎಂಬ ಉತ್ತರ ಬಂದರೆ, ಸುತ್ತೋಲೆ ಯಾರ ಹೆಸರಿನಲ್ಲಿ ಹೊರಟಿದೆ ಎಂಬುದನ್ನು ನೋಡಬೇಕು. ಬಹುಮಾನ ಕೊಡುವುದಾಗಿ ಸಂಸ್ಥೆಯೇ ಅದರಲ್ಲಿ ಹೇಳಿದ್ದರೆ, ಅರ್ಜಿಯಲ್ಲಿ ಆ ಸಾಲನ್ನೇ ಎತ್ತಿ ಬರೆದು ಕೇಳಬಹುದು.

ಭತ್ಯೆಯ ಅರ್ಜಿಗೆ ತಂಡದ ಆಯ್ಕೆಪತ್ರ, ಭಾಗವಹಿಸಿದ ಪ್ರಮಾಣಪತ್ರ ಮತ್ತು ಟಿಕೆಟ್‌ಗಳು ಬೇಕು. ಬಸ್ಸಿನ ಯಂತ್ರದಿಂದ ಬರುವ ಟಿಕೆಟ್ ಕೆಲವೇ ತಿಂಗಳಲ್ಲಿ ಬಿಳಿಚಿಕೊಂಡು ಅಕ್ಷರವೇ ಕಾಣದಂತಾಗುವುದರಿಂದ, ಊರಿಗೆ ಮರಳಿದ ದಿನವೇ ಅದನ್ನು ಜೆರಾಕ್ಸ್ ಮಾಡಿಸಿಡಬೇಕು. ಮೊತ್ತವನ್ನು ಬಿಡಿಸಿ ಬರೆಯಬೇಕು: ಸ್ಲೀಪರ್ ದರ ಹೋಗಲು 710, ಬರಲು 710, ಸಂಸ್ಥೆ ನಿಗದಿಪಡಿಸಿದ ದಿನಭತ್ಯೆ 300ರಂತೆ 5 ದಿನಕ್ಕೆ 1,500, ಒಟ್ಟು 2,920 ರೂಪಾಯಿ. ನಿಯಮ ಸ್ಲೀಪರ್‌ಗೆ ಮಾತ್ರ ಅವಕಾಶ ಕೊಟ್ಟಿದ್ದರೆ, ಎ.ಸಿ. ಬೋಗಿಯಲ್ಲಿ ಹೋದವರು ಸ್ಲೀಪರ್ ದರವನ್ನಷ್ಟೇ ಕೇಳುವುದು ಲೇಸು, ಇಲ್ಲವಾದರೆ ಲೆಕ್ಕ ಪರಿಶೀಲಿಸುವವರು ಇಡೀ ಬಿಲ್ಲನ್ನೇ ಹಿಂದಿರುಗಿಸಬಹುದು.

ಅರ್ಜಿಯನ್ನು ಕಾರ್ಯದರ್ಶಿಯವರ ಹೆಸರಿಗೆ ಬರೆದು, ಖಜಾಂಚಿಯವರಿಗೆ ಪ್ರತಿ ಕೊಟ್ಟು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟವನ್ನು ಲಗತ್ತಿಸಬೇಕು. ಫಲಿತಾಂಶ ಪಟ್ಟಿಯಲ್ಲಿರುವ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ಇನಿಷಿಯಲ್‌ನಷ್ಟು ವ್ಯತ್ಯಾಸವಿದ್ದರೂ ಅದನ್ನು ಮೊದಲೇ ತಿಳಿಸಬೇಕು. ಕಚೇರಿಯಲ್ಲಿ ಕೊಟ್ಟರೆ ನಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಸಹಿ ಪಡೆಯಬೇಕು. ಅಂಚೆಯಲ್ಲಾದರೆ ತಲುಪಿದ ದಾಖಲೆ ಉಳಿಸಿಕೊಳ್ಳಬೇಕು.

ಫೋನಿನಲ್ಲಿ ಸಿಗುವ “ಮುಂದಿನ ತಿಂಗಳು ನೋಡೋಣ” ಎಂಬ ಭರವಸೆಯಿಂದ ಪ್ರಯೋಜನವಿಲ್ಲ. ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿಯಿದ್ದು, ಆ ಅವಧಿಯೊಳಗೆ ಸಂಸ್ಥೆಯು ಬಾಕಿಯನ್ನು ಒಪ್ಪಿ ಸಹಿ ಮಾಡಿದ ಪತ್ರ ಕೊಟ್ಟರೆ ಅಲ್ಲಿಂದ ಹೊಸದಾಗಿ ಎಣಿಕೆ ಶುರುವಾಗುತ್ತದೆ. ಆದ್ದರಿಂದ ಹಣ ತಡವಾಗುವುದಾದರೂ, ಬಾಕಿ ಇರುವುದನ್ನು ಲಿಖಿತವಾಗಿ ತಿಳಿಸುವಂತೆ ಕೇಳಬೇಕು. ಅನುದಾನ ಸರ್ಕಾರದಿಂದ ಬಂದಿದ್ದರೆ, ಎಷ್ಟು ಮತ್ತು ಯಾವಾಗ ಬಿಡುಗಡೆಯಾಯಿತೆಂದು ಅದನ್ನು ಕೊಟ್ಟ ಇಲಾಖೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ.

ಕೊನೆಗೆ ವೋಚರ್ ಬರುತ್ತದೆ. 5,000 ರೂಪಾಯಿಗಿಂತ ಹೆಚ್ಚಿನ ಮೊತ್ತದ ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸುವುದು ವಾಡಿಕೆ. “ಸಹಿ ಮಾಡಿಟ್ಟು ಹೋಗಿ, ಆಮೇಲೆ ತುಂಬಿಕೊಳ್ಳುತ್ತೇವೆ” ಎಂದರೆ ಒಪ್ಪಬಾರದು. ಸಹಿಯಿದ್ದ ವೋಚರ್ ಲೆಕ್ಕಪತ್ರದಲ್ಲಿ ಹಣ ಪಾವತಿಯಾದದ್ದಕ್ಕೆ ಸಾಕ್ಷಿಯಾಗುತ್ತದೆ. ಮೊದಲೇ ಸಹಿ ಕೇಳಿದರೆ, “ಹಣ ಖಾತೆಗೆ ಜಮೆಯಾಗುವುದಕ್ಕೆ ಒಳಪಟ್ಟು” ಎಂದು ಸಹಿಯ ಮೇಲೆ ಸ್ವಂತ ಕೈಬರಹದಲ್ಲಿ ಬರೆದು, ಅದರ ಫೋಟೊ ತೆಗೆದುಕೊಳ್ಳಬೇಕು.